ಸಭೆಗೆ ಬಿದ್ದ ಆಳೆಷ್ಟು?

ಮೂಡಿಗೆರೆಯ ಕಾಫಿ ತೋಟಗಳಲ್ಲಿ ಲೆಕ್ಕಕ್ಕೆ ಸಿಗದೆ ನಡೆಯುವ ಕೆಲಸವಿಲ್ಲ. ಮರಗಸಿಗೆ ಎಷ್ಟು ಆಳು, ಕಳೆಗೆ ಎಷ್ಟು ಆಳು, ತೊಟ್ಟಿಲುಗುಂಡಿಗೆ ಎಷ್ಟು ಆಳು ಎಂಬುದನ್ನು ರೈಟರು ಪ್ರತಿದಿನ ಚೆಕ್‌ರೋಲಿನಲ್ಲಿ ಬರೆಯುತ್ತಾರೆ. ವಾರದ ಕೊನೆಗೆ ಬಟವಾಡೆಯ ಹೊತ್ತಿನಲ್ಲಿ ಆ ಲೆಕ್ಕ ಮತ್ತೊಮ್ಮೆ ತಾಳೆಯಾಗುತ್ತದೆ. ಎರಡು ಎಕರೆಯ ಸಣ್ಣ ಹಿಡುವಳಿದಾರನೂ ಈ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುತ್ತಾನೆ. ಆದರೆ ಅದೇ ರೈತ, ಅದೇ ಕಾರ್ಮಿಕ, ಅದೇ ವಿದ್ಯಾರ್ಥಿ ಪರಿಸರ ಸಂಘಟನೆಯ ವಾರದ ಸಭೆಗೆ ಬಂದು ಕುಳಿತಾಗ ಮಾತ್ರ ಆಳಿನ ಲೆಕ್ಕ ಮಾಯವಾಗುತ್ತದೆ. ಸಭೆಗೆ ಬಂದವರ ಸಹಿ ಇರುವ ಹಾಜರಿ ಪುಸ್ತಕ ಇದೆ. ಆ ಸಹಿಗಳಿಗೆ ಎಷ್ಟು ಗಂಟೆ ಸಂದಿತು ಎಂಬ ಕಲಮು ಯಾವ ಪುಸ್ತಕದಲ್ಲಿಯೂ ಇಲ್ಲ.

ಇದನ್ನು ಕೇಳಿದರೆ ಹಲವರಿಗೆ ಸಿಟ್ಟು ಬರುವುದುಂಟು. ‘ಚಳವಳಿಯೇನು ಎಸ್ಟೇಟೇ? ಸೇವೆಗೆಂದು ಬಂದವರ ಸಮಯವನ್ನು ಕೂಲಿಯಂತೆ ಅಳೆಯುವುದೇ?’ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯಲ್ಲಿ ಭಾವನೆ ಇದೆ, ನ್ಯಾಯವಿಲ್ಲ. ಕೂಲಿ ಕೊಟ್ಟು ಪಡೆದ ಶ್ರಮವನ್ನು ಪೋಲು ಮಾಡಿದರೆ ನಷ್ಟ ಮಾಲೀಕನದು. ಕೂಲಿಯಿಲ್ಲದೆ ಕೊಟ್ಟ ಶ್ರಮವನ್ನು ಪೋಲು ಮಾಡಿದರೆ ನಷ್ಟ ಕೊಟ್ಟವನದು. ಆತ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಮೆಲ್ಲಗೆ ಬರುವುದನ್ನು ನಿಲ್ಲಿಸುತ್ತಾನೆ. ಆದ್ದರಿಂದ ಪುಕ್ಕಟೆ ಸಿಕ್ಕ ಸಮಯಕ್ಕೆ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಲೆಕ್ಕ ಹಾಕುವುದು ಕಷ್ಟದ ಕೆಲಸವೇನಲ್ಲ. ಒಬ್ಬ ವ್ಯಕ್ತಿಯ ಒಂದು ಗಂಟೆಯನ್ನು ಒಂದು ‘ಆಳುಗಂಟೆ’ ಎಂದು ಕರೆಯೋಣ. ಅಂತಹ ಎಂಟು ಗಂಟೆ ಸೇರಿದರೆ ಒಂದು ಆಳು. ಈಗ ಉದಾಹರಣೆಗಾಗಿ ಒಂದು ಬಳಗವನ್ನು ಕಲ್ಪಿಸಿಕೊಳ್ಳೋಣ. ಅದರ ವಾರದ ಸಭೆ ಮೂಡಿಗೆರೆ ಪಟ್ಟಣದಲ್ಲಿ, ಬೆಳಿಗ್ಗೆ 10-30ರಿಂದ 12-30ರವರೆಗೆ. ಬರುವವರು 12 ಜನ. ನಾಲ್ವರು ಪಟ್ಟಣದವರು, ಐವರು ಬಣಕಲ್, ಬಾಳೂರು, ಕೊಟ್ಟಿಗೆಹಾರದ ಸುತ್ತಿನವರು, ಮೂವರು ಕಳಸದ ಕಡೆಯವರು.

ಸಾಮಾನ್ಯವಾಗಿ ಜನ ಹಾಕುವ ಲೆಕ್ಕ, ಹಾಕಿದರೆ, ಇಷ್ಟೇ: 12 ಜನ, ಎರಡು ಗಂಟೆ, ಒಟ್ಟು 24 ಆಳುಗಂಟೆ, ಅಂದರೆ ಮೂರು ಆಳು. ಇದು ಅರ್ಧ ಲೆಕ್ಕವೂ ಅಲ್ಲ. ಮಲೆನಾಡಿನಲ್ಲಿ ಸಭೆ ಶುರುವಾಗುವುದು ಸಭಾಂಗಣದಲ್ಲಿ ಅಲ್ಲ, ಬಸ್ಸಿಗಾಗಿ ನಿಂತ ಗೇಟಿನ ಬಳಿ. ಪಟ್ಟಣದ ನಾಲ್ವರಿಗೆ ಹೋಗಿಬರಲು ತಲಾ ಅರ್ಧ ಗಂಟೆ, ಅಂದರೆ ಎರಡು ಗಂಟೆ. ಬಣಕಲ್ ಕಡೆಯ ಐವರಿಗೆ ತಲಾ ಒಂದೂವರೆ ಗಂಟೆಯಂತೆ ಏಳೂವರೆ. ಕಳಸದ ಮೂವರಿಗೆ ಘಟ್ಟದ ತಿರುವುಗಳಲ್ಲಿ ಹೋಗಲು ಎರಡು, ಬರಲು ಎರಡು, ಒಟ್ಟು 12. ಹೀಗೆ ಪ್ರಯಾಣವೊಂದಕ್ಕೇ 21.5 ಆಳುಗಂಟೆ.

ಇನ್ನು ಕಾಯುವಿಕೆ. ಸಭೆ ಅರ್ಧ ಗಂಟೆ ತಡವಾಗಿ ಆರಂಭವಾಗುತ್ತದೆ ಎಂದಿಟ್ಟುಕೊಳ್ಳೋಣ. ತಡವಾಗಿ ಬರುವವರು ಯಾರು ಎಂಬುದನ್ನು ಯಾರೂ ಊಹಿಸಬಹುದು: ಪಟ್ಟಣದಲ್ಲೇ ಮನೆಯಿರುವ ಇಬ್ಬರು. ಮುಂಜಾನೆಯ ಬಸ್ಸಿಗೆ ಎದ್ದು ಬಂದವರು ಸೇರಿ ಹತ್ತು ಜನ ಅವರಿಗಾಗಿ ಕಾಯುತ್ತಾರೆ. ಅಲ್ಲಿಗೆ ಐದು ಆಳುಗಂಟೆ. ನಡಾವಳಿ ಬರೆಯಲು, ಖರ್ಚಿನ ಪಟ್ಟಿ ಸಿದ್ಧಪಡಿಸಲು ಇಬ್ಬರಿಗೆ ಒಟ್ಟು ಮೂರೂವರೆ ಗಂಟೆ. ಎಲ್ಲವನ್ನೂ ಕೂಡಿಸಿದರೆ 24, 21.5, 5 ಮತ್ತು 3.5, ಒಟ್ಟು 54 ಆಳುಗಂಟೆ. ಎಂಟರಿಂದ ಭಾಗಿಸಿದರೆ 6.75, ಅಂದರೆ ಸರಿಸುಮಾರು ಏಳು ಆಳು. ವರ್ಷಕ್ಕೆ 48 ವಾರ ಸಭೆ ನಡೆದರೆ 2592 ಆಳುಗಂಟೆ, ಅರ್ಥಾತ್ 324 ಆಳು. ವಾರಕ್ಕೊಂದು ರಜೆ ಬಿಟ್ಟು ವರ್ಷಪೂರ್ತಿ ದುಡಿಯುವ ಒಬ್ಬ ಪೂರ್ಣಾವಧಿ ಕಾರ್ಯಕರ್ತನ ಅಷ್ಟೂ ದಿನಗಳನ್ನು ಆ ಒಂದು ಸಭೆಯೇ ನುಂಗಿ ಮುಗಿಸುತ್ತದೆ. ‘ಕೆಲಸಕ್ಕೆ ಜನ ಸಾಲದು’ ಎಂದು ಅದೇ ಸಭೆಯಲ್ಲಿ ಪ್ರತಿವಾರ ಗೋಳಾಡುವ ಬಳಗಕ್ಕೆ, ಸಾಲದ ಆ ಒಬ್ಬ ಮನುಷ್ಯ ಎಲ್ಲಿ ಕುಳಿತಿದ್ದಾನೆ ಎಂಬುದು ಇದರಿಂದ ತಿಳಿಯಬೇಕು.

ಹಾಗೆಂದು ಏಳು ಆಳು ಖರ್ಚಾಯಿತು ಎಂದ ಮಾತ್ರಕ್ಕೆ ಸಭೆ ದಂಡವೆನ್ನಲಾಗದು. ಹೂಮಳೆಗೆ ಮೊದಲು ತುಂತುರು ನೀರಾವರಿಗೆ ಎಷ್ಟು ಡೀಸೆಲ್ ಸುಟ್ಟರೂ, ಹೂವು ಸರಿಯಾಗಿ ಅರಳಿ ಕಾಯಿ ಕಚ್ಚಿದರೆ ಯಾರೂ ಅದನ್ನು ದಂಡ ಎನ್ನುವುದಿಲ್ಲ. ಪ್ರಶ್ನೆ ಇರುವುದು ಖರ್ಚಿಗೆ ಎದುರಾಗಿ ಏನು ಬಂತು ಎಂಬಲ್ಲಿ. ಅದನ್ನು ಕಂಡುಕೊಳ್ಳುವ ದಾರಿ ಗಡಿಯಾರವಲ್ಲ, ನಡಾವಳಿ ಪುಸ್ತಕ.

ಹಿಂದಿನ ಎಂಟು ವಾರಗಳ ನಡಾವಳಿಯನ್ನು ಮುಂದಿಟ್ಟುಕೊಂಡು, ಪ್ರತಿ ವಿಷಯದ ಎದುರು ಅದಕ್ಕೆ ಸಂದ ನಿಮಿಷಗಳನ್ನು ಬರೆಯಬೇಕು. ನೆನಪಿನಿಂದ ಬರೆದರೆ ಸುಳ್ಳಾಗುತ್ತದೆ. ಮುಂದಿನ ನಾಲ್ಕು ಸಭೆಗಳಲ್ಲಿ ಒಬ್ಬರು ಕೈಗಡಿಯಾರ ನೋಡಿ ಬರೆದುಕೊಂಡರೆ ಸಾಕು. ನಮ್ಮ ಕಲ್ಪಿತ ಬಳಗದ ಎರಡು ಗಂಟೆ ಹೀಗೆ ಹಂಚಿಹೋಗಿದೆ ಎನ್ನೋಣ: ಹಿಂದಿನ ನಡಾವಳಿ ಓದಲು 20 ನಿಮಿಷ. ಯಾರು ಎಲ್ಲಿಗೆ ಹೋಗಿದ್ದರು, ಯಾವ ಕಚೇರಿಗೆ ಅರ್ಜಿ ಕೊಟ್ಟರು ಎಂಬ ವರದಿಗಳಿಗೆ 45 ನಿಮಿಷ. ಶಿಬಿರದ ಊಟ, ವಾಹನ, ಪತ್ರಿಕೆಯ ಮುದ್ರಣ ಇತ್ಯಾದಿ ಇಬ್ಬರು ಮೂವರಿಗೆ ಮಾತ್ರ ಸಂಬಂಧಿಸಿದ ವಿಚಾರಗಳಿಗೆ 30 ನಿಮಿಷ. ಎಲ್ಲರೂ ಕೂಡಿ ತೀರ್ಮಾನಿಸಲೇಬೇಕಾದ ವಿಷಯಕ್ಕೆ 15 ನಿಮಿಷ. ಹೊಸದಾಗಿ ಬಂದ ವಿದ್ಯಾರ್ಥಿಯ ಪ್ರಶ್ನೆ, ಒಬ್ಬರ ಮೇಲೊಬ್ಬರಿಗಿದ್ದ ಅಸಮಾಧಾನ, ಊರಿನ ಸುದ್ದಿಗೆ 10 ನಿಮಿಷ.

ಇವುಗಳಲ್ಲಿ ಮೊದಲ ಎರಡು ಓದಿ ತಿಳಿಯಬಹುದಾದವು. ಮೂರನೆಯದು ಸಂಬಂಧಪಟ್ಟ ಮೂವರು ಬೇರೆ ಕುಳಿತು ಮುಗಿಸಬಹುದಾದುದು. ಉಳಿದ ಒಂಬತ್ತು ಜನ ಆ ಅರ್ಧ ಗಂಟೆ ಸುಮ್ಮನೆ ಸಾಕ್ಷಿಗಳು. ಎಲ್ಲರನ್ನೂ ಒಂದೆಡೆ ಕರೆಸಲೇಬೇಕಾದ ಕಾರಣ ಇರುವುದು ಕೊನೆಯ ಎರಡಕ್ಕೆ ಮಾತ್ರ. ಅವೆರಡಕ್ಕೆ ಸಂದದ್ದು 25 ನಿಮಿಷ; 12 ಜನರಿಗೆ ಐದು ಆಳುಗಂಟೆ. ಐದು ಗಂಟೆಯ ಫಲಕ್ಕಾಗಿ 54 ಗಂಟೆಯ ವ್ಯವಸಾಯ! ಇಂತಹ ಬೆಳೆಯನ್ನು ಮೂಡಿಗೆರೆಯ ಯಾವ ರೈತನೂ ಎರಡನೆಯ ವರ್ಷ ಹಾಕಲಾರ.

ಕೈಬಿಟ್ಟ ಕೆಲಸವನ್ನೂ ಎದುರಿಗಿಟ್ಟು ನೋಡಬೇಕು. ಬೇಸಿಗೆಯಲ್ಲಿ ಒರತೆಗಳ ನೀರನ್ನು ಅಳೆಯುವುದು ಗುಡ್ಡದ ಊರುಗಳಿಗೆ ತೀರಾ ಬೇಕಾದ ಕೆಲಸ. ಬೇಕಾದುದು ಇಪ್ಪತ್ತು ಲೀಟರಿನ ಬಕೆಟ್ಟು, ಒಂದು ಕೊಳವೆ ಅಥವಾ ಅಡಿಕೆ ದೋಣಿ, ಒಂದು ಗಡಿಯಾರ. ಬಕೆಟ್ಟು 40 ಸೆಕೆಂಡಿನಲ್ಲಿ ತುಂಬಿದರೆ ಹರಿವು ನಿಮಿಷಕ್ಕೆ 30 ಲೀಟರು. ಇಬ್ಬರು ಒಂದು ದಿನದಲ್ಲಿ ನಾಲ್ಕು ಒರತೆ ಅಳೆಯುತ್ತಾರೆಂದರೂ ಒಂದು ಸಭೆಯ ಆಳಿನಲ್ಲಿ 12 ಒರತೆಗಳ ಲೆಕ್ಕ ಸಿಗುತ್ತದೆ. ‘ಹಳ್ಳ ಬತ್ತುತ್ತಿದೆ’ ಎಂದು ಸಭೆಯಲ್ಲಿ ಗಂಟೆಗಟ್ಟಲೆ ಮಾತನಾಡುವವರ ಬಳಿ, ಎಷ್ಟು ಬತ್ತಿದೆ ಎಂದು ಅಧಿಕಾರಿ ಕೇಳಿದಾಗ ತೋರಿಸಲು ಒಂದು ಅಂಕಿಯೂ ಇಲ್ಲದಿರುವುದಕ್ಕೆ ಕಾರಣ ಇಲ್ಲಿದೆ.

ನಿಗದಿತ ಸಭೆ ಹೇಗೆ ಹುಟ್ಟುತ್ತದೆ, ಹೇಗೆ ಒಣಗುತ್ತದೆ ಎಂಬುದಕ್ಕೆ ಕೃಷಿ ವಿಸ್ತರಣೆಯ ಚರಿತ್ರೆಯಲ್ಲೇ ದೊಡ್ಡ ಪಾಠವಿದೆ. ಇಸ್ರೇಲಿನ ಡೇನಿಯಲ್ ಬೆನೋರ್ ರೂಪಿಸಿದ ‘ತರಬೇತಿ ಮತ್ತು ಭೇಟಿ’ ಪದ್ಧತಿ ವಿಶ್ವಬ್ಯಾಂಕಿನ ನೆರವಿನೊಂದಿಗೆ 1970ರ ದಶಕದಲ್ಲಿ ಭಾರತಕ್ಕೆ ಬಂತು. ಕರ್ನಾಟಕವೂ ಅದನ್ನು ಅಳವಡಿಸಿಕೊಂಡಿತು. ಅದಕ್ಕೂ ಮುಂಚೆ ಹಳ್ಳಿಮಟ್ಟದ ಕಾರ್ಯಕರ್ತನ ಮೇಲೆ ಹತ್ತಾರು ಇಲಾಖೆಗಳ ಕೆಲಸ ಹೇರಲಾಗಿತ್ತು. ಆತ ಯಾವ ರೈತನಿಗೂ ಸಿಗುತ್ತಿರಲಿಲ್ಲ. ಬೆನೋರ್ ಮಾಡಿದ್ದು ಸಮಯದ ಲೆಕ್ಕ. ಹದಿನೈದು ದಿನಗಳ ಚಕ್ರದಲ್ಲಿ ಎಂಟು ದಿನ ಎಂಟು ರೈತ ಗುಂಪುಗಳ ಭೇಟಿಗೆ ಕಡ್ಡಾಯವಾಗಿ ಮೀಸಲು. ತರಬೇತಿಗೆ ಒಂದು ದಿನ. ಆ ಒಂದು ದಿನಕ್ಕೂ ಒಂದು ಷರತ್ತು: ಮುಂದಿನ ಹದಿನೈದು ದಿನ ರೈತನ ಗದ್ದೆಯಲ್ಲಿ ಹೇಳಬೇಕಾದ ಕೆಲವೇ ಮುಖ್ಯ ಅಂಶಗಳನ್ನು ಕಾರ್ಯಕರ್ತ ಅಲ್ಲಿಂದ ಹೊತ್ತು ಹೋಗಬೇಕು. ಸಭೆಯ ಬೆಲೆ ಸಭೆಯೊಳಗೆ ಇರಲಿಲ್ಲ, ಮರುದಿನದ ಗದ್ದೆಯಲ್ಲಿತ್ತು.

ಆದರೆ ಕಾಲಕ್ರಮೇಣ ಏನಾಯಿತು? ಹೇಳಲು ಹೊಸದೇನೂ ಇಲ್ಲದ ಪಕ್ಷದಲ್ಲೂ ದಿನಾಂಕ ಬಂದೇ ಬರುತ್ತಿತ್ತು. ನೀರಾವರಿಯ ಬಯಲಿಗೆ ಹೊಂದಿದ ಸಂದೇಶ ಮಳೆಯಾಶ್ರಿತ ಪ್ರದೇಶಕ್ಕೆ ಹೊಂದುತ್ತಿರಲಿಲ್ಲ. ಆದರೂ ಅದನ್ನೇ ಮತ್ತೆ ಮತ್ತೆ ಹೇಳುವುದು ವಾಡಿಕೆಯಾಯಿತು. ಖರ್ಚು ತೂಗಿಸಲಾಗದೆ 1990ರ ದಶಕದಲ್ಲಿ ವಿಶ್ವಬ್ಯಾಂಕು ಆ ಪದ್ಧತಿಯಿಂದ ಹಿಂದೆ ಸರಿಯಿತು. ಪಾಠ ಸರಳ: ವಿಷಯಕ್ಕಾಗಿ ದಿನ ಗೊತ್ತುಮಾಡಿದಾಗ ಸಭೆ ಹುಟ್ಟುತ್ತದೆ, ದಿನಕ್ಕಾಗಿ ವಿಷಯ ಹುಡುಕತೊಡಗಿದಾಗ ಅದು ಸಾಯುತ್ತದೆ. ಸತ್ತದ್ದು ಗೊತ್ತಾಗುವುದು ತಡವಾಗಿ, ಏಕೆಂದರೆ ಹಾಜರಿ ಪುಸ್ತಕ ತುಂಬುತ್ತಲೇ ಇರುತ್ತದೆ.

ಇತ್ತೀಚೆಗೆ ಕಂಪನಿಗಳೂ ಈ ಲೆಕ್ಕಕ್ಕೆ ಇಳಿದಿವೆ. ಕೆನಡಾದ ಶಾಪಿಫೈ ಎಂಬ ಕಂಪನಿ 2023ರ ಜನವರಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಸೇರುವ ಪುನರಾವರ್ತಿತ ಸಭೆಗಳನ್ನು ಒಮ್ಮೆಲೇ ರದ್ದು ಮಾಡಿತು. ಅದೇ ವರ್ಷದ ಜುಲೈನಲ್ಲಿ, ಬರುವವರ ಹುದ್ದೆಯ ಸರಾಸರಿ ಸಂಬಳ ಮತ್ತು ಸಭೆಯ ಅವಧಿಯಿಂದ ಪ್ರತಿ ಸಭೆಯ ಖರ್ಚನ್ನು ತೋರಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಎಣಿಸುವ ಅಭ್ಯಾಸವನ್ನು ಅವರಿಂದ ಕಲಿಯಬಹುದು. ಎಣಿಸುವ ನಾಣ್ಯವನ್ನು ಕಲಿಯಬಾರದು. ಹಣದಲ್ಲಿ ಎಣಿಸಿದರೆ ಸಂಬಳದ ಉಪನ್ಯಾಸಕರ ಒಂದು ಗಂಟೆ ತುಟ್ಟಿಯಾಗಿಯೂ, ತೋಟದ ಕಾರ್ಮಿಕ ಮಹಿಳೆಯ ಒಂದು ಗಂಟೆ ಅಗ್ಗವಾಗಿಯೂ ಕಾಣುತ್ತದೆ. ವಾಸ್ತವ ತಿರುಗುಮುರುಗು. ಉಪನ್ಯಾಸಕರಿಗೆ ಸಭೆಯ ದಿನವೂ ಸಂಬಳ ಉಂಟು. ಆಕೆಗೆ ಆ ದಿನದ ಕೂಲಿಯೇ ಇಲ್ಲ. ಕೊಯ್ಲಿನ ಡಿಸೆಂಬರು, ಜನವರಿಯಲ್ಲಾದರೆ ಕಿಲೋ ಲೆಕ್ಕದ ಹೆಚ್ಚಿನ ಗಳಿಕೆಯೂ ಹೋಯಿತು. ಮನೆಗೆ ಮರಳಿದ ಮೇಲೆ ಒಲೆ, ನೀರು, ದನ ಕಾದೇ ಇರುತ್ತವೆ. ಆದ್ದರಿಂದ ಲೆಕ್ಕ ಗಂಟೆಯಲ್ಲೇ ಇರಲಿ, ಪಕ್ಕದಲ್ಲಿ ಇನ್ನೊಂದು ಕಲಮು ಇರಲಿ: ಈ ಗಂಟೆಗಾಗಿ ಕೂಲಿ ಕಳೆದುಕೊಂಡವರು ಎಷ್ಟು ಜನ?

ಆ ಕಲಮನ್ನು ತುಂಬಿದಾಗಲೇ ಸಭೆಯ ನಿಜವಾದ ಅನ್ಯಾಯ ಕಣ್ಣಿಗೆ ಬೀಳುವುದು. ನಮ್ಮ ಉದಾಹರಣೆಯಲ್ಲಿ ಪಟ್ಟಣದಿಂದ ಸಮಯಕ್ಕೆ ಬಂದವರು ತೆತ್ತದ್ದು ಮೂರು ಗಂಟೆ, ತಡವಾಗಿ ಬಂದವರು ಎರಡೂವರೆ. ಕಳಸದವರು ತೆತ್ತದ್ದು ತಲಾ ಆರೂವರೆ ಗಂಟೆ. ಮೂವರೇ ಸೇರಿ 19.5 ಆಳುಗಂಟೆ, ಒಟ್ಟು ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇಷ್ಟು ತೆತ್ತವರು ಬಸ್ಸಿನ ಹೊತ್ತಾಯಿತೆಂದು 12-15ಕ್ಕೆ ಏಳುತ್ತಾರೆ. ವರದಿಗಳೆಲ್ಲ ಮುಗಿದು ತೀರ್ಮಾನದ ವಿಷಯ ಮೇಲೆ ಬರುವುದು ಅದೇ ಹೊತ್ತಿಗೆ. ಅತಿ ಹೆಚ್ಚು ತೆತ್ತವರಿಲ್ಲದೆ, ಅತಿ ಕಡಿಮೆ ತೆತ್ತವರು ‘ಸರ್ವಾನುಮತದಿಂದ’ ನಿರ್ಣಯ ಮಾಡುತ್ತಾರೆ. ಇದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಕಾರ್ಯಸೂಚಿಯ ಅನುಕ್ರಮವೇ ಸಾಕು.

ಹಾಗಾದರೆ ಸಭೆಯನ್ನೇ ನಿಲ್ಲಿಸಿಬಿಡೋಣವೇ? ಮೊಬೈಲಿನ ಗುಂಪಿನಲ್ಲೇ ಎಲ್ಲ ಮುಗಿಯುತ್ತದಲ್ಲ ಎನ್ನುವ ಉತ್ಸಾಹಿಗಳೂ ಇದ್ದಾರೆ. ಅವರೂ ಅರ್ಧ ಲೆಕ್ಕವನ್ನೇ ಹಾಕಿದ್ದಾರೆ. ಅಮೆರಿಕದ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲಿ ಮಹಿಳಾ ಚಳವಳಿಯ ಅನುಭವದಿಂದ ಒಂದು ಮಾತನ್ನು ತೋರಿಸಿಕೊಟ್ಟರು: ಬಹಿರಂಗ ವ್ಯವಸ್ಥೆ ಇಲ್ಲದ ಗುಂಪಿನಲ್ಲಿ ಅಧಿಕಾರ ಇಲ್ಲವಾಗುವುದಿಲ್ಲ, ಅದು ಪರಸ್ಪರ ಸ್ನೇಹಿತರಾದ ಕೆಲವರ ಕೈಯಲ್ಲಿ ಕಾಣದಂತೆ ಉಳಿಯುತ್ತದೆ. ಸಭೆ ರದ್ದಾದರೆ 54 ಗಂಟೆ ಉಳಿಯುತ್ತದೆ, ನಿಜ. ಆದರೆ ತೀರ್ಮಾನವು ಪಟ್ಟಣದಲ್ಲಿ ಸಂಜೆ ಕಾಫಿಗೆ ಸೇರುವ ಮೂವರ ಕೈಗೆ ಹೋಗುತ್ತದೆ. ಮೊಬೈಲಿಗೆ ಸಿಗ್ನಲ್ ಸಿಗದ ಕಣಿವೆಯ ಸದಸ್ಯನಿಗೆ ಅದು ತಿಳಿಯುವುದು ಮೆರವಣಿಗೆಯ ಕರಪತ್ರ ಕೈಗೆ ಬಂದಾಗ. ಆಳುಗಂಟೆಯ ಲೆಕ್ಕಕ್ಕೆ ಇದು ಸಿಗುವುದಿಲ್ಲ. ಹಾಗೆಯೇ, ಎರಡು ಊರುಗಳ ನಡುವಿನ ಮುನಿಸು ಹತ್ತು ನಿಮಿಷದಲ್ಲಿ ಕರಗಿದರೆ ಅದರ ಬೆಲೆಯೂ ನಿಮಿಷದಲ್ಲಿ ಇರುವುದಿಲ್ಲ. ಲೆಕ್ಕವು ಸಭೆ ಎಷ್ಟು ತಿಂದಿತು ಎಂಬುದನ್ನು ಹೇಳಬಲ್ಲುದು. ಎಷ್ಟು ಕೊಟ್ಟಿತು ಎಂಬುದನ್ನು ಜನರೇ ಹೇಳಬೇಕು.

ಅದನ್ನು ಹೇಳಿಸಲು ಒಂದು ಪರೀಕ್ಷೆ ಇದೆ. ನಾಲ್ಕು ವಾರ ನಿಗದಿತ ಸಭೆಯನ್ನು ಬಿಡುವುದು. ಯಾವ ಸದಸ್ಯ ಬೇಕೆಂದರೂ ವಿಷಯ ತಿಳಿಸಿ ಸಭೆ ಕರೆಯುವ ಹಕ್ಕನ್ನು ಉಳಿಸುವುದು. ಆ ನಾಲ್ಕು ವಾರ ಮೂರು ಸಂಗತಿಗಳನ್ನು ಬರೆದಿಡುವುದು. ಯಾವ ತೀರ್ಮಾನ ತಡವಾಯಿತು? ಯಾವ ಕೆಲಸವನ್ನು ಇಬ್ಬರು ತಿಳಿಯದೆ ಎರಡು ಸಲ ಮಾಡಿದರು? ಯಾರಿಗೆ ಸುದ್ದಿ ತಲುಪಲಿಲ್ಲ? ಮೂರೂ ಪಟ್ಟಿಗಳು ಖಾಲಿ ಉಳಿದರೆ ಆ ಸಭೆಗೆ ತನ್ನ ವಾರದ ಸ್ಥಾನ ಸಲ್ಲದು. ಮೂರನೆಯ ಪಟ್ಟಿ ಮಾತ್ರ ತುಂಬಿದರೆ ಬೇಕಾದುದು ಸಭೆಯಲ್ಲ, ಬರಹದ ವರದಿ. ಮೊದಲ ಎರಡು ತುಂಬಿದರೆ ಸಭೆ ಬೇಕು, ಎಷ್ಟು ದಿನಕ್ಕೊಮ್ಮೆ ಎಂಬುದೂ ಆ ಪಟ್ಟಿಯಿಂದಲೇ ತಿಳಿಯುತ್ತದೆ. ಈ ಪರೀಕ್ಷೆಗೆ ಕೊಯ್ಲಿನ ತಿಂಗಳನ್ನು ಆರಿಸಬಾರದು; ಆಗ ಯಾವ ಕೆಲಸವೂ ಇಲ್ಲದ್ದರಿಂದ ಪಟ್ಟಿ ಖಾಲಿ ಉಳಿದು ಮೋಸವಾಗುತ್ತದೆ.

ಪರೀಕ್ಷೆಯ ನಂತರ ನಮ್ಮ ಕಲ್ಪಿತ ಬಳಗ ಹೀಗೆ ನಿಶ್ಚಯಿಸಿತು ಎನ್ನೋಣ: ಹದಿನೈದು ದಿನಕ್ಕೊಂದು ಸಭೆ, ಒಂದೂಕಾಲು ಗಂಟೆ, ಬಂದವರಿಂದಲೇ ಸಮಯಕ್ಕೆ ಸರಿಯಾಗಿ ಆರಂಭ, ತೀರ್ಮಾನದ ವಿಷಯ ಮೊದಲು. ಸ್ಥಳ ಕಳಸದ ರಸ್ತೆ ಕವಲೊಡೆಯುವ ಕೊಟ್ಟಿಗೆಹಾರ. ಪಟ್ಟಣದ ನಾಲ್ವರಿಗೆ ಈಗ ಪ್ರಯಾಣ ತಲಾ ಒಂದೂವರೆ ಗಂಟೆ, ನಡುವಿನ ಐವರಿಗೆ ತಲಾ ಒಂದು, ಕಳಸದವರಿಗೆ ತಲಾ ಎರಡೂವರೆ, ಒಟ್ಟು 18.5. ಮೊದಲಿನ 21.5ಕ್ಕೆ ಹೋಲಿಸಿದರೆ ಉಳಿದದ್ದು ಮೂರೇ ಗಂಟೆ. ಸ್ಥಳ ಬದಲಿಸಿದ್ದು ಉಳಿತಾಯಕ್ಕಲ್ಲ, ಹೊರೆಯನ್ನು ಹಂಚಿಕೊಳ್ಳುವುದಕ್ಕೆ. ಕುಳಿತ ಹೊತ್ತು 15, ಸಿದ್ಧತೆ 3.5 ಸೇರಿ ಸಭೆಯೊಂದಕ್ಕೆ 37 ಆಳುಗಂಟೆ. ವರ್ಷಕ್ಕೆ 24 ಸಭೆಗೆ 888. ನಡುವಿನ ವಾರಗಳಲ್ಲಿ ಮೂವರು ಅರ್ಧ ಗಂಟೆ ದೂರವಾಣಿಯಲ್ಲಿ ಮಾತನಾಡಿದರೆ ಇನ್ನು 36. ಒಟ್ಟು 924, ಅಂದರೆ 115 ಆಳು ಮತ್ತು ಅರ್ಧ ದಿನ. 324ರಲ್ಲಿ ಇನ್ನೂರಕ್ಕೂ ಹೆಚ್ಚು ಆಳು ಒರತೆಗೆ, ಸಸಿಮಡಿಗೆ, ಕಚೇರಿಯ ಬಾಗಿಲಿಗೆ ಬಿಡುಗಡೆಯಾಯಿತು.

ಈ ಲೆಕ್ಕವೂ ಶಾಶ್ವತವಲ್ಲ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದಂತಹ ದಿನಗಳಲ್ಲಿ ಗಂಟೆಗೊಮ್ಮೆ ಸಂಗತಿ ಬದಲಾಗುತ್ತದೆ. ಆಗ ದಿನಕ್ಕೆರಡು ಸಭೆಯೂ ದುಬಾರಿಯಲ್ಲ. ಏನೂ ಬದಲಾಗದ ವಾರದಲ್ಲಿ ಹತ್ತು ನಿಮಿಷದ ಸಭೆಯೂ ದುಬಾರಿಯೇ. ಮಳೆ ನೋಡಿ ಗೊಬ್ಬರ ಹಾಕುವ ಜನಕ್ಕೆ, ಕ್ಯಾಲೆಂಡರ್ ನೋಡಿ ಸಭೆ ಸೇರಬಾರದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಡಾವಳಿಯ ಕೊನೆಗೆ, ಸಹಿಗಳ ಕೆಳಗೆ, ಇನ್ನು ಮುಂದೆ ಒಂದು ಸಾಲು ಸೇರಲಿ: ‘ಈ ದಿನದ ಸಭೆಗೆ ಬಿದ್ದ ಆಳು ಇಷ್ಟು, ಕೂಲಿ ಕಳೆದುಕೊಂಡವರು ಇಷ್ಟು ಜನ, ಆದ ತೀರ್ಮಾನ ಇಂತಿಷ್ಟು.’ ಆ ಸಾಲನ್ನು ಬರೆಯಲು ಹಿಂಜರಿಯುವ ಸಂಘಟನೆ, ತೋಟದ ಮಾಲೀಕನ ಚೆಕ್‌ರೋಲನ್ನು ಪ್ರಶ್ನಿಸುವ ಮುನ್ನ ತನ್ನ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.